ಒಂದು ಪೋಸ್ಟ್‌ಕಾರ್ಡಿಗೆ ಐದು ವರ್ಷ

ನಮ್ಮ ದೇಶದ ದೊಡ್ಡ ಲಾ ಫರ್ಮ್ ಯಾವುದಾದರೂ ಒಂದರ ವೆಬ್‌ಸೈಟ್ ತೆರೆದು ನೋಡಿ. ಮೊದಲ ಪುಟ ಕಾಣೋ ಮುಂಚೆಯೇ ಒಂದು ಪೆಟ್ಟಿಗೆ ಅಡ್ಡ ಬಂದು ನಿಲ್ಲುತ್ತೆ. ನಾವು ಜಾಹೀರಾತು ಮಾಡ್ತಿಲ್ಲ, ನಿಮ್ಮನ್ನು ಕರೀತಿಲ್ಲ, ನೀವಾಗಿ ನೀವೇ ಮಾಹಿತಿ ಹುಡುಕಿಕೊಂಡು ಬಂದಿದ್ದೀರಿ ಅಂತ ಒಪ್ಪಿಕೊಳ್ಳಿ ಅನ್ನುತ್ತೆ. ಕೆಳಗೆ `I Agree` ಅಂತ ಒಂದು ಬಟನ್. ನಾವು ಕುಕೀ ನೋಟಿಸ್ ಒತ್ತೋ ಹಾಗೆ ಇದನ್ನೂ ಓದದೆ ಒತ್ತಿ ಒಳಗೆ ಹೋಗ್ತೀವಿ. ಬೇರೆ ಎಲ್ಲ ವ್ಯಾಪಾರದವರೂ ದಯವಿಟ್ಟು ಬನ್ನಿ ಅಂತ ಕೂಗ್ತಿರೋ ಇಂಟರ್ನೆಟ್ಟಿನಲ್ಲಿ, ನಾವು ನಿಮ್ಮನ್ನ ಕರೆದಿಲ್ಲ ಅಂತ ಬಾಗಿಲಲ್ಲೇ ಬರೆಸಿಕೊಳ್ಳೋ ಅಂಗಡಿ ಇದೊಂದೇ ಇರಬೇಕು.

ಈ ಪೆಟ್ಟಿಗೆಯ ಹಿಂದೆ ದೊಡ್ಡ ಕತೆಯೇ ಇದೆ. ಆ ಕತೆಯಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸಿದ್ದು ಒಂದು ಪೋಸ್ಟ್‌ಕಾರ್ಡಿನ ಪ್ರಸಂಗ. ಮಹಾರಾಷ್ಟ್ರ ಅನ್ನೋ ರಾಜ್ಯ ಆಗ ತಾನೇ, 1960ರಲ್ಲಿ, ಹುಟ್ಟಿತ್ತು. ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ಒಬ್ಬ ವಕೀಲರು ಆ ರಾಜ್ಯದ ಕಾನೂನು ಮಂತ್ರಿಗೆ ಒಂದು ಕಾರ್ಡು ಬರೆದರು. ನಿಮ್ಮ ಸರ್ಕಾರದ ಕೇಸುಗಳ ಕೆಲಸ ಇದ್ದರೆ ನನಗೂ ಕೊಡಿ ಅನ್ನೋ ಧಾಟಿಯ ಕಾಗದ. ಅಷ್ಟೇ. ಲಂಚ ಇಲ್ಲ, ಬೆದರಿಕೆ ಇಲ್ಲ, ಸುಳ್ಳು ಹೇಳಿಕೊಂಡಿದ್ದೂ ಅಲ್ಲ. ನಮ್ಮಲ್ಲಿ ಇದನ್ನ ಲಿಂಕ್ಡ್‌ಇನ್ನಲ್ಲಿ ಒಂದು ಮೆಸೇಜ್ ಹಾಕೋದು ಅಂತೀವಿ, ವಾರಕ್ಕೆ ಹತ್ತು ಬರ್ತಾವೆ. ಆ ಕಾರ್ಡು ಸುಪ್ರೀಂ ಕೋರ್ಟಿನ ತನಕ ಹೋಯಿತು. ಕೆಲಸ ಕೇಳಿಕೊಂಡು ಹೋಗೋದು ವಕೀಲನಿಗೆ ಘೋರ ದುರ್ನಡತೆ ಅಂತ ನ್ಯಾಯಾಲಯ ತೀರ್ಮಾನಿಸಿ, ಆ ವಕೀಲರನ್ನು ಐದು ವರ್ಷ ವೃತ್ತಿಯಿಂದ ಹೊರಗಿಟ್ಟಿತು. ತೀರ್ಪಿನಲ್ಲಿ ಅವರ ಹೆಸರನ್ನೂ ಹಾಕಲಿಲ್ಲ, ಬರೀ ‘ಮಿಸ್ಟರ್ ಎ’. ಇವತ್ತಿಗೂ ಲಾ ಕಾಲೇಜಿನ ವೃತ್ತಿನೀತಿಯ ಪಾಠದಲ್ಲಿ ಅವರು ಆ ಒಂದು ಅಕ್ಷರವಾಗಿಯೇ ಬದುಕಿದ್ದಾರೆ.

ಕೆಲಸ ಬೇಕು ಅಂತ ಕೇಳಿದ್ದಕ್ಕೆ ಐದು ವರ್ಷ! ನಾನು ಎಂಜಿನಿಯರ್. ನನ್ನ ಪ್ರಪಂಚದಲ್ಲಿ ರೆಸ್ಯೂಮೆ ಕಳಿಸೋದು ಅಪರಾಧ ಅಲ್ಲ, ಕಳಿಸದೆ ಇರೋದು ಸೋಮಾರಿತನ. ಹಾಗಾಗಿ ಈ ನಿಯಮ ಎಲ್ಲಿಂದ ಬಂತು, ಯಾರಿಗೋಸ್ಕರ ಬಂತು ಅಂತ ಹುಡುಕ್ತಾ ಹೋದೆ.

ಮೂಲ ಇಂಗ್ಲೆಂಡು. ಅಲ್ಲಿ ವಕೀಲಿಕೆ ಎರಡು ಜಾತಿ. ಕಕ್ಷಿದಾರನನ್ನು ಎದುರು ಕೂರಿಸಿಕೊಂಡು ಕಾಗದಪತ್ರ ನೋಡೋನು ಸಾಲಿಸಿಟರ್. ಕೋರ್ಟಿನಲ್ಲಿ ಗೌನು ಹಾಕಿಕೊಂಡು ವಾದ ಮಾಡೋನು ಬ್ಯಾರಿಸ್ಟರ್. ಬ್ಯಾರಿಸ್ಟರ್ ಹತ್ತಿರ ಜನಸಾಮಾನ್ಯ ನೇರವಾಗಿ ಹೋಗೋ ಹಾಗೇ ಇರಲಿಲ್ಲ, ಸಾಲಿಸಿಟರ್ ಮೂಲಕವೇ ಹೋಗಬೇಕು. ಅಂದಮೇಲೆ ಬ್ಯಾರಿಸ್ಟರನ ಗಿರಾಕಿ ಅಂದರೆ ಊರಿನ ಜನ ಅಲ್ಲ, ಲಂಡನ್ನಿನ ಸಾಲಿಸಿಟರುಗಳು. ಯಾವ ಬ್ಯಾರಿಸ್ಟರ್ ಹೇಗೆ ವಾದ ಮಾಡ್ತಾನೆ ಅಂತ ದಿನಾ ಕೋರ್ಟಲ್ಲಿ ಕೂತು ನೋಡೋರು ಅವರೇ. ಅಂಥ ಚಿಕ್ಕ ಕೋಣೆಯಲ್ಲಿ ಜಾಹೀರಾತಿನ ಅಗತ್ಯವಾದರೂ ಏನು? ಎಲ್ಲರಿಗೂ ಎಲ್ಲರೂ ಗೊತ್ತು. ಜಾಹೀರಾತು ಮಾಡದೆ ಇರೋದನ್ನ ‘ಸಭ್ಯತೆ’ ಅಂತ ಕರೆಯೋದು ಅವರಿಗೆ ಸುಲಭವಾಗಿತ್ತು, ಯಾಕಂದ್ರೆ ಅದಕ್ಕೆ ಖರ್ಚೇ ಇರಲಿಲ್ಲ.

ಆ ಸಭ್ಯತೆ ಹಡಗು ಹತ್ತಿ ಇಲ್ಲಿಗೆ ಬಂತು. ಇಲ್ಲಿಗೆ ಬಂದಾಗ ಏನಾಯ್ತು ಅನ್ನೋದಕ್ಕೆ ಗಾಂಧೀಜಿಗಿಂತ ಒಳ್ಳೆ ಸಾಕ್ಷಿ ಸಿಗಲ್ಲ. 1891ರಲ್ಲಿ ಲಂಡನ್ನಿನಿಂದ ಬ್ಯಾರಿಸ್ಟರ್ ಆಗಿ ವಾಪಸ್ ಬಂದ ಮೇಲೆ ಅವರು ಬೊಂಬಾಯಿಯಲ್ಲಿ ವೃತ್ತಿ ಶುರು ಮಾಡಿದರು. ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸು ಬಂತು, ಮೂವತ್ತು ರೂಪಾಯಿ ಫೀಸು. ಕೇಸು ತಂದ ದಲ್ಲಾಳಿಗೆ ಕಮಿಷನ್ ಕೊಡಬೇಕು ಅಂದರು. ಇವರು ಕೊಡಲ್ಲ ಅಂದರು. ತಿಂಗಳಿಗೆ ಮೂರು ನಾಲ್ಕು ಸಾವಿರ ದುಡಿಯೋ ದೊಡ್ಡ ದೊಡ್ಡ ವಕೀಲರೇ ಕೊಡ್ತಾರೆ, ನಿಮ್ಮದೇನು ಅಂತ ಕೇಳಿದರಂತೆ. ಆದರೂ ಕೊಡಲಿಲ್ಲ. ಆ ಕೇಸಿನಲ್ಲಿ ಎದ್ದು ನಿಂತಾಗ ಬಾಯೇ ಬರದೆ ಕೂತು, ಫೀಸು ವಾಪಸ್ ಮಾಡಿದ ಕತೆ ನಿಮಗೆಲ್ಲ ಗೊತ್ತಿರುತ್ತೆ. ನಮ್ಮ ಪಠ್ಯಪುಸ್ತಕಗಳು ಅಲ್ಲಿಗೇ ನಿಲ್ಲುತ್ತವೆ. ಆತ್ಮಕಥೆ ನಿಲ್ಲಲ್ಲ. ಬೊಂಬಾಯಿ ಬಿಟ್ಟು ರಾಜಕೋಟೆಗೆ ಹೋದ ಮೇಲೆ ಅವರಿಗೆ ಕೆಲಸ ಬರ್ತಾ ಇದ್ದದ್ದು ಅಣ್ಣನ ಪಾಲುದಾರರಾಗಿದ್ದ ಒಬ್ಬ ವಕೀಲರ ಕಡೆಯಿಂದ. ಅಲ್ಲಿ ಕೇಸು ಕೊಟ್ಟ ವಕೀಲರಿಗೆ ಪಾಲು ಕೊಡೋ ಪದ್ಧತಿ ಇತ್ತು. ಅಣ್ಣ ಕೂರಿಸಿಕೊಂಡು ಹೇಳಿದ ಮೇಲೆ ಗಾಂಧಿ ಒಪ್ಪಿಕೊಂಡರು. ಮನಸ್ಸಿಗೆ ಸಮಾಧಾನ ಇಲ್ಲದೆಯೇ ಒಪ್ಪಿಕೊಂಡೆ ಅಂತ ಅವರೇ ಬರೆದುಕೊಂಡಿದ್ದಾರೆ.

ನೋಡಿ, ಬಹಿರಂಗವಾಗಿ ಹೆಸರು ಹೇಳಿಕೊಳ್ಳೋದನ್ನ ನಿಷೇಧಿಸಿದರೆ ಕಕ್ಷಿದಾರ ಮತ್ತು ವಕೀಲರ ನಡುವಿನ ಜಾಗ ಖಾಲಿ ಉಳಿಯಲ್ಲ. ಅಲ್ಲಿ ಯಾರೋ ಒಬ್ಬ ಬಂದು ಕೂರ್ತಾನೆ. ಇಂಗ್ಲೆಂಡಿನಲ್ಲಿ ಆ ಜಾಗದಲ್ಲಿ ಸಾಲಿಸಿಟರ್ ಇದ್ದ, ಅವನಿಗೂ ಒಂದು ನಿಯಮ ಒಂದು ಲೈಸೆನ್ಸು ಇತ್ತು. ನಮ್ಮಲ್ಲಿ ದಲ್ಲಾಳಿ ಬಂದು ಕೂತ. ಬ್ರಿಟಿಷರಿಗೂ ಇದು ಗೊತ್ತಿತ್ತು. 1879ರ ಲೀಗಲ್ ಪ್ರ್ಯಾಕ್ಟಿಷನರ್ಸ್ ಕಾಯ್ದೆಗೆ ಮುಂದೆ ಸೇರಿಸಿದ ಸೆಕ್ಷನ್ ಪ್ರಕಾರ ಜಿಲ್ಲಾ ನ್ಯಾಯಾಧೀಶರು ದಲ್ಲಾಳಿಗಳ ಪಟ್ಟಿಯನ್ನೇ ಮಾಡಿ ಕೋರ್ಟಿನಲ್ಲಿ ತೂಗುಹಾಕಬಹುದಿತ್ತು, ಅವರನ್ನು ಆವರಣದೊಳಗೆ ಬಿಡದಂತೆ ತಡೆಯಬಹುದಿತ್ತು. ಆ ಹಳೇ ಕಾಯ್ದೆಯನ್ನ ಸಂಸತ್ತು ರದ್ದು ಮಾಡಿದ್ದು 2023ರಲ್ಲಿ. ರದ್ದು ಮಾಡುವಾಗ ಆ ದಲ್ಲಾಳಿ ಪಟ್ಟಿಯ ಸೆಕ್ಷನ್ನನ್ನು ಮಾತ್ರ ಜೋಪಾನವಾಗಿ ಎತ್ತಿ ವಕೀಲರ ಕಾಯ್ದೆಯೊಳಗೆ ಸೇರಿಸಿದರು. ಅಂದರೆ ನೂರು ವರ್ಷದ ಮೇಲಾದರೂ ಆಸಾಮಿ ಜಾಗ ಬಿಟ್ಟಿಲ್ಲ ಅಂತಲೇ ಅರ್ಥ.

ನಮ್ಮೂರಿನ ಕಡೆಯವರಿಗೆ ಇದನ್ನ ಕಾಯ್ದೆ ತೋರಿಸಿ ಹೇಳಬೇಕಾಗಿಲ್ಲ. ನಮ್ಮಪ್ಪನ ಜಮೀನಿನ ಗಡಿ ತಕರಾರು ಕೋರ್ಟಿಗೆ ಹೋದಾಗ ವಕೀಲರನ್ನ ಗೊತ್ತು ಮಾಡಿಕೊಟ್ಟಿದ್ದು ತಾಲ್ಲೂಕು ಕಚೇರಿ ಹತ್ತಿರ ಅರ್ಜಿ ಬರೆಯೋ ಒಬ್ಬ ಮನುಷ್ಯ. ಅವನಿಗೂ ಒಂದಿಷ್ಟು ಸಂದಾಯ ಆಯ್ತು. ಆ ವಕೀಲರು ಜಮೀನಿನ ಕೇಸು ಮಾಡ್ತಾರೋ ಇಲ್ಲವೋ, ಎಷ್ಟು ವರ್ಷದ ಅನುಭವ, ಏನೂ ನಮಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳೋ ದಾರಿಯೂ ಇರಲಿಲ್ಲ. ಬೋರ್ಡಿನಲ್ಲಿ ಹೆಸರು, ಬಿ.ಎ., ಎಲ್.ಎಲ್.ಬಿ., ಅಡ್ವೊಕೇಟ್. ಮುಗೀತು. ಅದಕ್ಕಿಂತ ಜಾಸ್ತಿ ಬರೆಯೋ ಹಾಗಿಲ್ಲ ಅಂತ ನನಗೆ ಆಮೇಲೆ ಗೊತ್ತಾಯ್ತು.

ಆ ‘ಹಾಗಿಲ್ಲ’ ಅನ್ನೋದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ. 1961ರಲ್ಲಿ ವಕೀಲರ ಕಾಯ್ದೆ ಬಂದು ದೇಶಕ್ಕೆಲ್ಲ ಒಂದೇ ಬಗೆಯ ವಕೀಲರು ಅಂತಾಯ್ತು. ಕಲ್ಕತ್ತಾ ಬೊಂಬಾಯಿಯಲ್ಲಿ ಉಳಿದಿದ್ದ ಸಾಲಿಸಿಟರ್ ಪದ್ಧತಿಯೂ 1977ರ ಹೊತ್ತಿಗೆ ಕಾನೂನಿನಿಂದ ಹೊರಗೆ ಹೋಯಿತು. ಸಾಲಿಸಿಟರ್ ಹೋದ, ಅವನನ್ನು ನಂಬಿಕೊಂಡು ಹುಟ್ಟಿದ ನಿಯಮ ಮಾತ್ರ ಉಳೀತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಡಿಪೆಂಡೆನ್ಸಿ ಕಿತ್ತುಹಾಕಿ ಅದನ್ನ ಕರೆಯೋ ಕೋಡ್ ಹಾಗೇ ಬಿಟ್ಟರು. ನಿಯಮ ಹೇಳೋದು ಇಷ್ಟು. ವಕೀಲ ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ಕೆಲಸ ಕೇಳಬಾರದು, ಜಾಹೀರಾತು ಮಾಡಬಾರದು. ಸುತ್ತೋಲೆ, ದಲ್ಲಾಳಿ, ಪರಿಚಯವಿಲ್ಲದವರ ಭೇಟಿ, ಪತ್ರಿಕೆಯಲ್ಲಿ ಬರೆಸಿಕೊಳ್ಳೋದು, ತಾನು ನಡೆಸಿದ ಕೇಸಿನ ಸುದ್ದಿ ಜೊತೆ ಫೋಟೋ ಹಾಕಿಸೋದು, ಯಾವುದೂ ಕೂಡದು. ಬೋರ್ಡು ಹದವಾದ ಗಾತ್ರದಲ್ಲಿ ಇರಬೇಕು. ಅದರಲ್ಲಿ ವಕೀಲರ ಸಂಘದ ಅಧ್ಯಕ್ಷ ಅಂತಾಗಲಿ, ಮಾಜಿ ನ್ಯಾಯಾಧೀಶ ಅಂತಾಗಲಿ, ಇಂಥ ಕೇಸಿನಲ್ಲಿ ಪರಿಣತ ಅಂತಾಗಲಿ ಬರೆಯಬಾರದು.

ಒಂದು ಸಣ್ಣ ವಿಷಯ ಗಮನಿಸಿ. ಈ ನಿಯಮಗಳ ಪುಸ್ತಕದಲ್ಲಿ ನ್ಯಾಯಾಲಯಕ್ಕೆ ವಕೀಲನ ಕರ್ತವ್ಯ ಅಂತ ಒಂದು ಭಾಗ ಇದೆ, ಕಕ್ಷಿದಾರನಿಗೆ ಕರ್ತವ್ಯ ಅಂತ ಇನ್ನೊಂದು ಭಾಗ ಇದೆ. ಜಾಹೀರಾತಿನ ನಿಷೇಧ ಈ ಎರಡರಲ್ಲೂ ಇಲ್ಲ. ಅದು ಇರೋದು ‘ಸಹೋದ್ಯೋಗಿಗಳಿಗೆ ಕರ್ತವ್ಯ’ ಅನ್ನೋ ಭಾಗದಲ್ಲಿ. ಕಕ್ಷಿದಾರ ಮೋಸ ಹೋಗದಿರಲಿ ಅಂತ ಅಲ್ಲ, ಪಕ್ಕದ ಟೇಬಲ್ಲಿನ ವಕೀಲರ ಗಿರಾಕಿ ಕಿತ್ತುಕೊಳ್ಳಬಾರದು ಅಂತ. ನಾನಂತೂ ಇದನ್ನ ನೋಡಿದ ಮೇಲೆ ಈ ನಿಯಮವನ್ನ ಮೊದಲಿನ ಹಾಗೆ ಓದೋಕೆ ಆಗಲಿಲ್ಲ.

ಆದರೆ ನಿಯಮ ಬರೀ ಠಾಕುಠೀಕು ಅಂತ ತಳ್ಳಿಹಾಕಿದರೆ ಅದೂ ಅನ್ಯಾಯ. ಬೊಂಬಾಯಿಯ ಎಸ್ಪ್ಲನೇಡ್ ಪೊಲೀಸ್ ಕೋರ್ಟುಗಳ ಕತೆ ಕೇಳಿ. 1960ರ ದಶಕದಲ್ಲಿ ಅಲ್ಲಿ ಕೆಲವು ವಕೀಲರು ಬಾಗಿಲಲ್ಲೇ ನಿಂತು, ಯಾರಾದರೂ ಕಕ್ಷಿದಾರ ಮೆಟ್ಟಿಲು ಹತ್ತಿದ್ದೇ ತಡ ಮುಗಿಬೀಳ್ತಿದ್ದರು. ಕೇಸಿನ ಕಾಗದ ಕಿತ್ತಾಟ, ಎಳೆದಾಟ, ಒಬ್ಬ ಹೇಳಿದ ಫೀಸಿಗಿಂತ ಇನ್ನೊಬ್ಬ ಕಮ್ಮಿ ಕೂಗೋದು. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದ ತಕ್ಷಣ ಆಟೋದವರು ಸುತ್ತುವರೀತಾರಲ್ಲ, ಹಾಗೆ. ಇಲ್ಲಿ ಮಾತ್ರ ಇಳಿದವನು ಬೇಲಿಗೆ ಬಂದ ಅಪ್ಪ ಆಗಿರ್ತಾನೆ, ಮಗ ಲಾಕಪ್ಪಿನಲ್ಲಿ ಇರ್ತಾನೆ. ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನ ನಿರ್ದಿಷ್ಟ ಕೇಸಿಗೆ ಕೇಳಿಕೊಂಡರೆ ಮಾತ್ರ ತಪ್ಪು ಅನ್ನೋ ಸಂಕುಚಿತ ಅರ್ಥವನ್ನ ನ್ಯಾಯಾಲಯ 1975ರಲ್ಲಿ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಆ ತೀರ್ಪಿನಲ್ಲಿ, ವಕೀಲಿಕೆ ವ್ಯಾಪಾರ ಅಲ್ಲ, ಕೇಸು ಸರಕಲ್ಲ ಅನ್ನೋ ಮಾತು ಇದೆ. ಆಮೇಲೆ ಬಂದ ತೀರ್ಪುಗಳೆಲ್ಲ ಅದನ್ನೇ ಹೇಳಿಕೊಂಡು ಬಂದಿವೆ.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅಮೆರಿಕದಲ್ಲಿ ಇದೇ ಪ್ರಶ್ನೆ ತಿರುಗಿ ಬಿತ್ತು. ಅರಿಝೋನಾದ ಫೀನಿಕ್ಸ್‌ನಲ್ಲಿ ಜಾನ್ ಬೇಟ್ಸ್, ವ್ಯಾನ್ ಓಸ್ಟೀನ್ ಅಂತ ಇಬ್ಬರು ಯುವ ವಕೀಲರು. ಮಧ್ಯಮ ವರ್ಗದವರಿಗೆ ಕಮ್ಮಿ ದುಡ್ಡಿನಲ್ಲಿ ಸರಳ ಕೆಲಸ ಮಾಡಿಕೊಡೋ ‘ಲೀಗಲ್ ಕ್ಲಿನಿಕ್’ ಇಟ್ಟರು. ಕಮ್ಮಿ ಫೀಸು ಅಂದರೆ ಜಾಸ್ತಿ ಜನ ಬರಬೇಕು. ಜನಕ್ಕೆ ಗೊತ್ತಾದರೆ ತಾನೇ ಬರೋದು? ಅಲ್ಲೂ ಜಾಹೀರಾತು ನಿಷೇಧ. 1976ರ ಫೆಬ್ರವರಿ 22ರಂದು, ನಿಯಮ ಮುರೀತಿದ್ದೀವಿ ಅಂತ ಗೊತ್ತಿದ್ದೇ, ಅವರು ‘ಅರಿಝೋನಾ ರಿಪಬ್ಲಿಕ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಅದರಲ್ಲಿ ಮಹಾ ಏನೂ ಇರಲಿಲ್ಲ. ತಕ್ಕಡಿಯ ಚಿತ್ರ, ಕೆಳಗೆ ದರಪಟ್ಟಿ. ತಕರಾರಿಲ್ಲದ ವಿಚ್ಛೇದನಕ್ಕೆ 175 ಡಾಲರ್ ಮತ್ತು ಕೋರ್ಟಿನ ಶುಲ್ಕ 20, ಹೆಸರು ಬದಲಾವಣೆಗೆ 95 ಮತ್ತು 20. ಹೀಗೆ.

ಸ್ಟೇಟ್ ಬಾರ್ ಕ್ರಮ ಕೈಗೊಂಡಿತು, ಪ್ರಕರಣ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಹೋಯಿತು. 1977ರ ಜೂನ್‌ನಲ್ಲಿ ಐದು ನಾಲ್ಕರ ಬಹುಮತದಿಂದ ವಕೀಲರು ಗೆದ್ದರು. ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಅವರ ತೀರ್ಪಿನ ತಿರುಳು ಅಂದರೆ, ಈ ನಿಷೇಧ ಹುಟ್ಟಿದ್ದು ನೀತಿಯಾಗಿ ಅಲ್ಲ, ಶಿಷ್ಟಾಚಾರವಾಗಿ. ಮಾಮೂಲಿ ಕೆಲಸಕ್ಕೆ ಎಷ್ಟು ಫೀಸು ಅಂತ ಸತ್ಯವಾಗಿ ಹೇಳೋದನ್ನ ತಡೆದರೆ ನಷ್ಟ ಆಗೋದು ಕೇಳೋನಿಗೆ. ಸುಳ್ಳು ಅಥವಾ ದಾರಿ ತಪ್ಪಿಸೋ ಜಾಹೀರಾತನ್ನ ತಡೆಯೋ ಅಧಿಕಾರ ಹಾಗೇ ಉಳೀತು.

ಸರಿ, ಹಾಗಾದರೆ ಬಾಗಿಲೆಲ್ಲ ತೆರೆದು ಹೋಯ್ತಾ? ಇಲ್ಲ. ಮಾರನೇ ವರ್ಷವೇ ಓಹಾಯೋದಿಂದ ಇನ್ನೊಂದು ಪ್ರಕರಣ ಬಂತು. ಕಾರು ಅಪಘಾತದಲ್ಲಿ ಹದಿನೆಂಟು ವರ್ಷದ ಇಬ್ಬರು ಹುಡುಗಿಯರಿಗೆ ಏಟಾಗಿತ್ತು. ಓರಾಲಿಕ್ ಅನ್ನೋ ವಕೀಲ ಒಬ್ಬಳನ್ನ ಆಸ್ಪತ್ರೆಯಲ್ಲೇ ಹೋಗಿ ನೋಡಿದ, ಹಾಸಿಗೆ ಮೇಲಿದ್ದವಳ ಹತ್ತಿರ ವಕಾಲತ್ತಿನ ಮಾತಾಡಿದ. ಇನ್ನೊಬ್ಬಳ ಮನೆಗೆ ಹೋದಾಗ ಬಟ್ಟೆಯೊಳಗೆ ಟೇಪ್ ರೆಕಾರ್ಡರ್ ಬಚ್ಚಿಟ್ಟುಕೊಂಡಿದ್ದ. ಅದೇ ಸುಪ್ರೀಂ ಕೋರ್ಟು ಈ ಸಾರಿ ವಕೀಲನ ವಿರುದ್ಧ ನಿಂತಿತು. ಪತ್ರಿಕೆಯಲ್ಲಿ ದರ ಹಾಕೋದು ಬೇರೆ, ನೋವಿನಲ್ಲಿರೋ ಒಬ್ಬರ ಹಾಸಿಗೆ ಪಕ್ಕ ಹೋಗಿ ನಿಲ್ಲೋದು ಬೇರೆ. ಪತ್ರಿಕೆ ಓದೋನು ಪುಟ ತಿರುಗಿಸಬಹುದು. ಹಾಸಿಗೆಯಲ್ಲಿ ಮಲಗಿರೋಳು ಎಲ್ಲಿಗೆ ತಿರುಗೋಕಾಗುತ್ತೆ?

ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಇಟ್ಟುಕೊಳ್ಳಬೇಕಾದ ಗೆರೆ ಇದೊಂದೇ: ಹುಡುಕಿಕೊಂಡು ಬಂದವನಿಗೆ ಕಾಣೋ ಹಾಗೆ ಇಡೋದು ಮತ್ತು ಕಷ್ಟದಲ್ಲಿರೋನನ್ನ ಹುಡುಕಿಕೊಂಡು ಹೋಗೋದು. ನಮ್ಮ 36ನೇ ನಿಯಮ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆ. ಮಂತ್ರಿಗೆ ಬರೆದ ಕಾರ್ಡೂ ಎಸ್ಪ್ಲನೇಡ್ ಬಾಗಿಲಿನ ಎಳೆದಾಟವೂ ಅದಕ್ಕೆ ಒಂದೇ. ನಿಯಮದ ತವರು ಇಂಗ್ಲೆಂಡ್ ಮಾತ್ರ ಅಷ್ಟರಲ್ಲಿ ಮನಸ್ಸು ಬದಲಾಯಿಸಿತು. 1984ರಲ್ಲಿ ಸಾಲಿಸಿಟರುಗಳಿಗೆ ಜಾಹೀರಾತಿಗೆ ಅನುಮತಿ ಕೊಟ್ಟರು, ಕೆಲವೇ ವರ್ಷದಲ್ಲಿ ಬ್ಯಾರಿಸ್ಟರುಗಳಿಗೂ ಸಡಿಲ ಮಾಡಿದರು. ನಾವು ತವರಿನವರು ಎಸೆದ ಕೋಟನ್ನ ಇಸ್ತ್ರಿ ಮಾಡಿ ಹಾಕಿಕೊಂಡು ಓಡಾಡ್ತಾ ಇದ್ದೀವಿ, ಬೇಸಿಗೆಯಲ್ಲಿ ಕರಿ ಕೋಟು ಹಾಕಿಕೊಂಡ ಹಾಗೆ.

ನಮ್ಮಲ್ಲಿ ಒಂದು ಕಿಟಕಿ ತೆರೆದಿದ್ದು 2008ರಲ್ಲಿ. ವೆಬ್‌ಸೈಟ್ ಇಡೋದಕ್ಕೂ ನಿಷೇಧ ಯಾಕೆ ಅಂತ ಸುಪ್ರೀಂ ಕೋರ್ಟಿನಲ್ಲಿ ಒಂದು ರಿಟ್ ಅರ್ಜಿ 2000ದಿಂದ ಬಾಕಿ ಇತ್ತು. ಕಡೆಗೆ ಬಾರ್ ಕೌನ್ಸಿಲ್ಲೇ 36ನೇ ನಿಯಮಕ್ಕೊಂದು ಬಾಲ ಜೋಡಿಸಿತು. ವಕೀಲರು ವೆಬ್‌ಸೈಟಿನಲ್ಲಿ ಐದು ಬಗೆಯ ವಿವರ ಹಾಕಬಹುದು: ಹೆಸರು, ವಿಳಾಸ ಮತ್ತು ಫೋನು ಇಮೇಲ್, ನೋಂದಣಿಯ ಮತ್ತು ಸಂಘದ ಸದಸ್ಯತ್ವದ ವಿವರ, ಓದಿದ್ದು, ಕೆಲಸ ಮಾಡೋ ಕ್ಷೇತ್ರ. ಅದೂ ಬಾರ್ ಕೌನ್ಸಿಲ್ಲಿಗೆ ತಿಳಿಸಿ, ಒಪ್ಪಿಗೆ ಪಡೆದು. ಅದರಾಚೆ ಒಂದು ಸಾಲು ಸೇರಿಸಿದರೂ ನಿಯಮ ಮುರಿದ ಹಾಗೆ. ಆ `I Agree` ಪೆಟ್ಟಿಗೆ ಹುಟ್ಟಿದ್ದು ಈ ಭಯದಿಂದ. ಹುಡುಕಿ ಬಂದವನು ನೀನೇ ಅಂತ ನಮ್ಮ ಕೈಲಿ ಒಪ್ಪಿಸಿಕೊಂಡರೆ ‘ಕರೆದ’ ಆರೋಪ ಬರಲ್ಲ ಅನ್ನೋ ಲೆಕ್ಕ.

ಆ ಐದು ವಿವರದ ಪಟ್ಟಿ ಬಂದಾಗ ಇನ್‌ಸ್ಟಾಗ್ರಾಮ್ ಹುಟ್ಟಿರಲಿಲ್ಲ. ಆಮೇಲೆ ಯಾರೂ ಅದನ್ನ ಬಿಡಿಸಿ ಬರೆದಿಲ್ಲ.

ನನ್ನ ಹೈಸ್ಕೂಲ್ ಗೆಳೆಯನೊಬ್ಬ ನಮ್ಮ ತಾಲ್ಲೂಕು ಕೋರ್ಟಿನಲ್ಲಿ ವಕೀಲ. ಅವರ ಮನೆಯಲ್ಲಿ ಕರಿ ಕೋಟು ಹಾಕಿದ ಮೊದಲನೆಯವನು. ಅಪ್ಪನ ಆಫೀಸಿಲ್ಲ, ಮಾವನ ಹೆಸರಿಲ್ಲ. “ಲೋ, ನಂಗೊಂದು ಪೇಜ್ ಮಾಡ್ಕೊಡೋ. ನಿಮ್ ಬೆಂಗ್ಳೂರು ವಕೀಲ್ರೆಲ್ಲ ರೀಲ್ಸ್ ಹಾಕ್ತಾರೆ, ನಾನ್ ಹಾಕಿದ್ರೆ ಏನಾಗುತ್ತೆ?” ಅಂದ. ಏನು ಹಾಕಬೇಕು ಅಂತಿದ್ದೀಯ, ವಾಟ್ಸಾಪಲ್ಲಿ ಕಳಿಸು ಅಂದೆ. ಕಳಿಸಿದ. ಒಂದು ಭಾನುವಾರ ಫೋನಲ್ಲೇ ಇಬ್ಬರೂ ಒಂದೊಂದು ಸಾಲು ತಗೊಂಡು ನಿಯಮದ ಪಕ್ಕ ಇಟ್ಟು ನೋಡಿದ್ವಿ.

ಮೊದಲನೇ ಸಾಲು, ‘ಜಮೀನು ವ್ಯಾಜ್ಯಗಳ ತಜ್ಞ’. ತಜ್ಞ ಹೋಗಲೇಬೇಕು. ಬೋರ್ಡಿನ ಮೇಲೆ ಪರಿಣತಿ ಹೇಳಿಕೊಳ್ಳಬಾರದು ಅಂತಿದೆ. ಆದರೆ ವೆಬ್‌ಸೈಟಿನ ಪಟ್ಟಿಯಲ್ಲಿ ‘ಕಾರ್ಯಕ್ಷೇತ್ರ: ಸಿವಿಲ್’ ಅನ್ನಬಹುದು. ನಮ್ಮಪ್ಪನಂಥವರಿಗೆ ಬೇಕಾಗಿದ್ದದ್ದು ಆ ಒಂದು ಶಬ್ದವೇ. ಕೋರ್ಟಿನ ಎದುರಿನ ಬೋರ್ಡಿನಲ್ಲಿ ತಪ್ಪು, ಸ್ಕ್ರೀನಿನಲ್ಲಿ ಸರಿ. ಇದಕ್ಕೆ ಸಮಜಾಯಿಷಿ ನನಗಂತೂ ಸಿಗಲಿಲ್ಲ. ಎರಡನೇದು, ವಕೀಲರ ಸಂಘದ ಜಂಟಿ ಕಾರ್ಯದರ್ಶಿ ಅಂತ ಹಾಕಿಕೊಂಡು ಸಮಾರಂಭದಲ್ಲಿ ನ್ಯಾಯಾಧೀಶರ ಪಕ್ಕ ನಿಂತ ಫೋಟೋ. ಸದಸ್ಯತ್ವ ಹೇಳಬಹುದು, ಹುದ್ದೆಯನ್ನ ಹೆಸರಿನ ಜೊತೆ ಮೆರೆಸಬಾರದು. ನ್ಯಾಯಾಧೀಶರ ಪಕ್ಕದ ಫೋಟೋ ಅಂತೂ ‘ಇವರಿಗೆ ಒಳಗೆ ಪರಿಚಯ ಇದೆ’ ಅಂತ ಕೂಗಿ ಹೇಳುತ್ತೆ. ಅವನು ತಕ್ಷಣ ತೆಗೆದ.

ಮೂರನೇದಕ್ಕೆ ಬಂದಾಗ ಅವನು ಸ್ವಲ್ಪ ಹಟ ಮಾಡಿದ. ಪಾಲಿನ ದಾವೆಯಲ್ಲಿ ಒಬ್ಬ ಹೆಣ್ಣುಮಗಳಿಗೆ ತವರಿನ ಆಸ್ತಿಯಲ್ಲಿ ಪಾಲು ಕೊಡಿಸಿದ್ದ. ಕೋರ್ಟಿನ ಮೆಟ್ಟಿಲ ಮೇಲೆ ಆಯಮ್ಮ ಕೈಮುಗಿದು ನಿಂತ ಫೋಟೋ, ಕೆಳಗೆ ‘ನ್ಯಾಯ ಗೆದ್ದಿತು’. “ಆಯಮ್ಮನೇ ಹಾಕಿ ಸ್ವಾಮಿ ಅಂದ್ರು ಕಣೋ” ಅಂದ. ನಡೆಸಿದ ಕೇಸಿನ ಜೊತೆ ಫೋಟೋ ಅನ್ನೋದನ್ನ ನಿಯಮ ಹೆಸರು ಹಿಡಿದೇ ಹೇಳುತ್ತೆ. ಅದಿರಲಿ ಅಂದರೂ, ಆಯಮ್ಮ ಇವನನ್ನ ನಂಬಿ ಹೇಳಿದ ಮಾತುಗಳಿಗೆ ಸಾಕ್ಷ್ಯ ಕಾನೂನಿನ ರಕ್ಷಣೆ ಇದೆ, ಅವಳ ಒಪ್ಪಿಗೆ ಇಲ್ಲದೆ ಹೊರಗೆ ಹಾಕೋ ಹಾಗಿಲ್ಲ. ಒಪ್ಪಿಗೆ ಕೊಟ್ಟಳು ಸರಿ. ಆದರೆ ಅಣ್ಣತಮ್ಮಂದಿರು ಅದೇ ಊರಿನಲ್ಲಿ ಇದ್ದಾರೆ, ಮೇಲ್ಮನವಿಗೆ ಹೋಗಬಹುದು, ಫೋಟೋ ಊರಿನ ಎಲ್ಲ ಗ್ರೂಪಿಗೂ ಫಾರ್ವರ್ಡ್ ಆಗುತ್ತೆ. ಗೆದ್ದ ಖುಷಿಯಲ್ಲಿ ವಕೀಲರ ಮುಂದೆ ಕೊಟ್ಟ ಒಪ್ಪಿಗೆ ಎಷ್ಟು ಸ್ವತಂತ್ರ? ಇದು ವೈದ್ಯರಿಗೂ ಇರೋ ಕಷ್ಟವೇ. ಆಪರೇಷನ್ ಆದ ರೋಗಿ ವೈದ್ಯರ ಮೊಬೈಲಿಗೆ ಬೇಡ ಅನ್ನೋದು ಅಷ್ಟು ಸುಲಭ ಅಲ್ಲ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದ ನಿಯಮಾವಳಿ ವೈದ್ಯರ ಸೋಶಿಯಲ್ ಮೀಡಿಯಾ ಬಗ್ಗೆ ಬಿಡಿಸಿ ಹೇಳಿತ್ತು. ರೋಗಿಯ ಫೋಟೋ ಸ್ಕ್ಯಾನ್ ಹಾಕಬೇಡಿ, ಲೈಕು ಫಾಲೋವರು ಕೊಂಡುಕೊಳ್ಳಬೇಡಿ ಅಂತ. ಅದೇ ತಿಂಗಳು ಆ ನಿಯಮಾವಳಿಯನ್ನ ತಡೆಹಿಡಿದು, ಫೇಸ್‌ಬುಕ್ ಹುಟ್ಟೋ ಮುಂಚಿನ 2002ರ ನಿಯಮಗಳಿಗೇ ವಾಪಸ್ ಹೋದರು.

ನಾಲ್ಕನೇದು, ‘ಮೊದಲ ಸಲಹೆ ಉಚಿತ, ಈಗಲೇ ವಾಟ್ಸಾಪ್ ಮಾಡಿ’. ಫೋನ್ ನಂಬರ್ ಪಟ್ಟಿಯಲ್ಲಿದೆ, ಹಾಕಬಹುದು. ‘ಈಗಲೇ ಮಾಡಿ’ ಅಂದ ಕ್ಷಣ ಅದು ಮಾಹಿತಿ ಆಗಿರಲ್ಲ, ಕರೆ ಆಗುತ್ತೆ. ತೆಗೆದ್ವಿ.

ಐದನೇದು ವಿಡಿಯೋ. ಖಾತೆ ಬದಲಾವಣೆ ಆದ ಮಾತ್ರಕ್ಕೆ ಮಾಲೀಕತ್ವ ಬರಲ್ಲ ಅಂತ, 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಅಂತ, ಎರಡು ನಿಮಿಷದಲ್ಲಿ ನಮ್ಮ ಕಡೆ ಭಾಷೆಯಲ್ಲಿ ಅವನು ಚೆನ್ನಾಗಿ ಹೇಳ್ತಾನೆ. ಕಾನೂನು ಬಿಡಿಸಿ ಹೇಳಬಾರದು ಅಂತ 36ನೇ ನಿಯಮ ಎಲ್ಲೂ ಹೇಳಿಲ್ಲ. ವಕೀಲರು ಪತ್ರಿಕೆಗೆ ಅಂಕಣ ಬರೆದಿದ್ದಾರೆ, ರೇಡಿಯೋದಲ್ಲಿ ಮಾತಾಡಿದ್ದಾರೆ. ಆದರೆ ಬಳಸುದಾರಿ ಅನ್ನೋ ಶಬ್ದ ನಿಯಮದಲ್ಲಿದೆ. ಹಾಗಾಗಿ ವಿಡಿಯೋದ ಕೊನೆಯ ಐದು ಸೆಕೆಂಡೇ ಅಪಾಯ. ಅಲ್ಲಿ ಹೆಸರು ನಂಬರು ಬಂದರೆ ಮೊದಲ ಎರಡು ನಿಮಿಷ ಪಾಠ ಆಗಿ ಉಳಿಯಲ್ಲ, ಜಾಹೀರಾತು ಆಗುತ್ತೆ. ಕೊನೆ ಕತ್ತರಿಸಿದ್ವಿ.

“ಬೂಸ್ಟ್ ಮಾಡ್ಲಾ? ಇನ್ನೂರು ರೂಪಾಯಿ ಅಷ್ಟೇ ತೋರಿಸ್ತಿದೆ” ಅಂದ. ಇದು ನನ್ನ ಕಸುಬಿಗೆ ಹತ್ತಿರದ ಪ್ರಶ್ನೆ. ದುಡ್ಡು ಕೊಟ್ಟು ಬೂಸ್ಟ್ ಒತ್ತಿದರೆ ಆ ಆ್ಯಪ್ ನಿಮ್ಮನ್ನ ಕೇಳುತ್ತೆ, ಯಾವ ಊರಿನ ಸುತ್ತ ಎಷ್ಟು ಕಿಲೋಮೀಟರು, ಯಾವ ವಯಸ್ಸು, ಏನು ಆಸಕ್ತಿ. ಅಂದರೆ ಯಾರನ್ನ ಹುಡುಕಿಕೊಂಡು ಹೋಗಬೇಕು ಅಂತ ವಕೀಲನೇ ಆರಿಸಿದ ಹಾಗೆ. ಇದಕ್ಕಿಂತ ಮುಂದಿನದು ರೀಟಾರ್ಗೆಟಿಂಗ್. ವಿಚ್ಛೇದನದ ಪುಟವನ್ನ ರಾತ್ರಿ ಹನ್ನೊಂದಕ್ಕೆ ಓದಿ ಮುಚ್ಚಿದ ಹೆಂಗಸಿನ ಫೋನಿಗೆ ಮಾರನೇ ದಿನದಿಂದ ಅದೇ ವಕೀಲರ ಜಾಹೀರಾತು ಬೆನ್ನು ಹತ್ತೋದು. ಸೈಟಿನಲ್ಲಿ ನಾಲ್ಕು ಸಾಲಿನ ಕೋಡ್ ಕೂರಿಸಿದರೆ ಆಯ್ತು, ಕೂರಿಸೋದು ನನ್ನಂಥವನೇ. ನೋಡೋಕೆ ಪತ್ರಿಕೆ ಜಾಹೀರಾತಿನ ಹಾಗೇ ಇರುತ್ತೆ, ಮಾಡೋ ಕೆಲಸ ಮಾತ್ರ ಓರಾಲಿಕ್ ಆಸ್ಪತ್ರೆಯಲ್ಲಿ ಮಾಡಿದ್ದೇ. ಬೇಡ ಅಂದೆ. ಅದಕ್ಕವನು, “ದುಡ್ಡು ಕೊಡ್ದೆ ಇದ್ರೂ ಆ್ಯಪ್ ತಾನಾಗೇ ಜನಕ್ಕೆ ತಳ್ಳುತ್ತಲ್ಲೋ, ಆಗ ಹುಡ್ಕೊಂಡ್ ಹೋಗೋದು ಯಾರು?” ಅಂತ ಕೇಳಿದ. ಬೇಟ್ಸ್ ಕಾಲದ ಪತ್ರಿಕೆಗೆ ಆ ಬುದ್ಧಿ ಇರಲಿಲ್ಲ. ಅದು ಎಲ್ಲರ ಮನೆಗೂ ಒಂದೇ ಪುಟ ಹಾಕ್ತಿತ್ತು.

ಇಷ್ಟು ಎಚ್ಚರ ಯಾಕೆ ಅಂದರೆ, ಈಚೆಗೆ ಗಾಳಿ ಬಿಗಿಯಾಗಿದೆ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ವಕೀಲರನ್ನ ಸರಕಿನ ಹಾಗೆ ಪಟ್ಟಿ ಮಾಡೋ ಆನ್‌ಲೈನ್ ತಾಣಗಳ ಮೇಲೆ ಹರಿಹಾಯ್ದಿತು. ‘ಪ್ಲಾಟಿನಂ’, ‘ಪ್ರೀಮಿಯಂ’ ಅಂತ ವಕೀಲರಿಗೆ ದರ್ಜೆ ಕೊಡೋದು, ಸ್ಟಾರ್ ಹಾಕೋದು ನ್ಯಾಯಾಲಯಕ್ಕೆ ಸರಿಕಾಣಲಿಲ್ಲ. ಅಂಥ ಕಡೆ ಜಾಹೀರಾತು ಕೊಟ್ಟ ವಕೀಲರ ಮೇಲೆ ಕ್ರಮ ತಗೊಳ್ಳಿ ಅಂತ ಬಾರ್ ಕೌನ್ಸಿಲ್ಲಿಗೆ ಹೇಳಿತು. 2025ರ ಮಾರ್ಚಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಸೋಶಿಯಲ್ ಮೀಡಿಯಾ, ಇನ್‌ಫ್ಲುಯೆನ್ಸರ್, ಸಿನಿಮಾದವರನ್ನ ಇಟ್ಟುಕೊಂಡು ಮಾಡೋ ಪ್ರಚಾರದ ವಿರುದ್ಧ ಪ್ರಕಟಣೆ ಹೊರಡಿಸಿತು. ದೂರು ಬಂದರೆ ರಾಜ್ಯ ಬಾರ್ ಕೌನ್ಸಿಲ್ಲಿನ ಶಿಸ್ತು ಸಮಿತಿ ವಿಚಾರಿಸುತ್ತೆ. ಛೀಮಾರಿ ಹಾಕಬಹುದು, ಅಮಾನತು ಮಾಡಬಹುದು, ಹೆಸರನ್ನೇ ತೆಗೆಯಬಹುದು. ಇನ್ನು ದೂರು ಕೊಡೋದು ಯಾರು? ಕಕ್ಷಿದಾರರಿಗೆ ರೀಲ್ಸ್ ನೋಡಿ ಬೇಜಾರಾಗಲ್ಲ, ಪಕ್ಕದ ಟೇಬಲ್ಲಿಗೆ ಆಗುತ್ತೆ.

ನನಗೆ ಬೇಸರ ತರಿಸೋದು ಬೇರೆ. ಊರಲ್ಲಿ ಮೂರು ತಲೆಮಾರಿನ ವಕೀಲರ ಮನೆತನಕ್ಕೆ ಜಾಹೀರಾತು ಬೇಡ, ಮನೆತನದ ಹೆಸರೇ ಜಾಹೀರಾತು. ಟಿವಿ ಚರ್ಚೆಯಲ್ಲಿ ದಿನಾ ಕೂರೋ ದೊಡ್ಡ ವಕೀಲರಿಗೂ ಬೇಡ. ದಲ್ಲಾಳಿಗೆ ಪಾಲು ಕೊಡೋನಿಗೂ ಬೇಡ, ಅವನ ಜಾಹೀರಾತು ಚಹಾ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತೆ, ಯಾವ ಸ್ಕ್ರೀನ್‌ಶಾಟಿಗೂ ಸಿಗಲ್ಲ. ಸಿಕ್ಕಿಹಾಕಿಕೊಳ್ಳೋದು ಪೇಜ್ ಮಾಡ್ಕೊಡೋ ಅಂತ ಕೇಳೋ ನನ್ನ ಗೆಳೆಯ. ಹಾಗಂತ ನಾಳೆ ನಿಯಮ ಪೂರ್ತಿ ಎತ್ತಿಬಿಟ್ಟರೆ ಗೆಲ್ಲೋದು ಅವನಲ್ಲ, ಬೂಸ್ಟಿಗೆ ತಿಂಗಳಿಗೆ ಐದು ಲಕ್ಷ ಸುರಿಯೋ ಬೆಂಗಳೂರಿನ ಆಫೀಸು. ಅದೂ ಗೊತ್ತಿದೆ.

ಪೇಜ್ ಈಗ ಇದೆ. ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ಕಾರ್ಯಕ್ಷೇತ್ರ: ಸಿವಿಲ್. ಪಟ್ಟಿ ಫೋನ್ ನಂಬರಿಗೂ ಜಾಗ ಕೊಟ್ಟಿದೆ, ಆದರೆ ಇನ್‌ಸ್ಟಾ ಪೇಜು ಆ ‘ವೆಬ್‌ಸೈಟ್’ ಅನ್ನೋ ಶಬ್ದದೊಳಗೆ ಬರುತ್ತೋ ಇಲ್ಲವೋ ಅಂತ ಹೆದರಿ ಅವನು ಹಾಕಲಿಲ್ಲ. ವಾರಕ್ಕೊಂದು ವಿಡಿಯೋ ಹಾಕ್ತಾನೆ. ಪಹಣಿ, ಪೋಡಿ, ಪಾಲುಪಟ್ಟಿ, ವಿಲ್ಲು. ಮೊನ್ನೆ ಹೆಣ್ಣುಮಕ್ಕಳ ಪಾಲಿನ ವಿಡಿಯೋ ಕೆಳಗೆ ಯಾರೋ ಒಬ್ಬರು ಬರೆದಿದ್ದರು: “ಸರ್ ನಮ್ದೂ ಇದೇ ಸಮಸ್ಯೆ, ನಂಬರ್ ಕೊಡಿ.” ಅವನು ನನಗೆ ಫೋನ್ ಮಾಡಿದ.

“ಕೇಳಿದ್ದು ಅವ್ರು ಕಣೋ. ಕೊಡ್ಬೋದಲ್ವಾ?”